ಪರೀಕ್ಷೆ ಮುಂದಕ್ಕೆ ಹೋದರೂ ಎದೆಬಡಿತ ಇಳಿಯಲಿಲ್ಲ: ಇದು ಒತ್ತಡವೋ, ಆತಂಕವೋ?

ಸಂತೆಕಟ್ಟೆಯ ಬಿಕಾಂ ವಿದ್ಯಾರ್ಥಿನಿ (ಮಂಗಳವಾರ, ರಾತ್ರಿ 11:40)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಅಂತಿಮ ವರ್ಷದ ಬಿಕಾಂ ಓದುತ್ತಿದ್ದೇನೆ ಮತ್ತು ಸಂತೆಕಟ್ಟೆಯ ಬಳಿ ಒಂದು ಪಿಜಿಯಲ್ಲಿ ಇದ್ದೇನೆ. ನಿನ್ನೆ ಸೋಮವಾರ ನಮಗೆ ಕಾಸ್ಟ್ ಅಕೌಂಟಿಂಗ್ ಪರೀಕ್ಷೆ ಇರಬೇಕಿತ್ತು. ಭಾನುವಾರ ಸಂಜೆ ಮಳೆಯ ರೆಡ್ ಅಲರ್ಟ್ ಬಂದು, ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ್ದರಿಂದ ಪರೀಕ್ಷೆ ಮುಂದಿನ ಸೋಮವಾರಕ್ಕೆ ಹೋಯಿತು. ನನ್ನ ರೂಮ್‌ಮೇಟ್ ಒಂದು ವಾರದಿಂದ ನನ್ನಷ್ಟೇ ಟೆನ್ಷನ್‌ನಲ್ಲಿ ಇದ್ದವಳು, ಆ ಸುದ್ದಿ ಬಂದ ಅರ್ಧ ಗಂಟೆಯೊಳಗೆ ಗಂಜಿ ಊಟ ಮಾಡಿ ಮಲಗಿದಳು ಮತ್ತು ಮರುದಿನ ಒಂಬತ್ತು ಗಂಟೆಗೆ ಎದ್ದಳು. ನನಗೆ ಆ ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ. ಎದೆ ಹಾಗೆಯೇ ಬಡಿದುಕೊಳ್ಳುತ್ತಿತ್ತು. ಈಗ ಇನ್ನೂ ಒಂದು ವಾರ ಸಿಕ್ಕಿದೆ ಎಂದು ಸಮಾಧಾನವಾಗುವ ಬದಲು, ಒಂದು ವಾರದಲ್ಲಿ ಓದಿದ್ದೆಲ್ಲ ಮರೆತುಹೋದರೆ ಏನು ಮಾಡಲಿ ಎಂಬ ಹೊಸ ಯೋಚನೆ ಶುರುವಾಯಿತು.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ಟೆನ್ಷನ್ ಎಂದು ನಾನು ತಿಳಿದಿದ್ದೆ. ಇದು ಒತ್ತಡವೋ, ಆತಂಕವೋ, ಅಥವಾ ಎರಡೂ ಒಂದೆಯೋ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ನಿವೃತ್ತ ಉಪನ್ಯಾಸಕ, ಪುತ್ತೂರು (ಬುಧವಾರ, ಬೆಳಿಗ್ಗೆ 6:15)

ಮಗಳೇ, ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಿಂತವನಾಗಿ ಹೇಳುತ್ತೇನೆ. ಒತ್ತಡವೆಂಬುದು ಒಳ್ಳೆಯದು, ಅದಿಲ್ಲದೆ ಯಾರೂ ಪುಸ್ತಕ ತೆರೆಯುವುದಿಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1908ರಲ್ಲಿಯೇ ಇದನ್ನು ತೋರಿಸಿದ್ದಾರೆ. ಒತ್ತಡ ಏರಿದಂತೆ ಸಾಧನೆಯೂ ಏರುತ್ತದೆ, ಅತಿಯಾದಾಗ ಮಾತ್ರ ಇಳಿಯುತ್ತದೆ. ಆತಂಕವಾದರೋ ಒಂದು ಕಾಯಿಲೆ. ಎದೆ ಬಡಿದುಕೊಂಡರೆ, ಕೈ ಬೆವರಿದರೆ ಅದು ಆತಂಕವೆಂದು ತಿಳಿ, ಬರೀ ಓದಬೇಕೆಂಬ ಭಾರವಿದ್ದರೆ ಅದು ಒತ್ತಡವೆಂದು ತಿಳಿ.

ಪಡುಬಿದ್ರಿಯ ಅಮ್ಮ (ಬುಧವಾರ, ಬೆಳಿಗ್ಗೆ 10:05)

ಒಂದು ವಾರ ಸಿಕ್ಕಿರುವುದರಿಂದ ದಿನಕ್ಕೆ ಎರಡು ಅಧ್ಯಾಯದಂತೆ ಹಂಚಿಕೊಂಡು, ಬೆಳಿಗ್ಗೆ ಲೆಕ್ಕ ಮತ್ತು ಸಂಜೆ ಥಿಯರಿ ಇಟ್ಟುಕೊಂಡರೆ ಓದು ಮುಗಿಯುತ್ತದೆ. ನನ್ನ ಮಗನಿಗೂ ಹೀಗೆಯೇ ಪಟ್ಟಿ ಮಾಡಿಕೊಟ್ಟಿದ್ದೇನೆ. ಅವನ ಕಷ್ಟ ಬೇರೆ. ಅವನು ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ನಿದ್ದೆ ಹೋಗುತ್ತಾನೆ. ಅದು ಒತ್ತಡವೇ ಎಂದು ಯಾರಾದರೂ ಹೇಳಬಲ್ಲಿರಾ?

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಬುಧವಾರ, ಮಧ್ಯಾಹ್ನ 2:30)

ಅಮ್ಮ, ನಿಮ್ಮ ಮಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಬಿಕಾಂ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿ ಓದಿನ ಪಟ್ಟಿಯ ಕೊರತೆ ಕಾಣಿಸುತ್ತಿಲ್ಲ, ಆಕೆ ಓದಿದ್ದಾರೆ.

ಉಪನ್ಯಾಸಕರ ಮಾತಿನಲ್ಲಿ ಅರ್ಧ ಸರಿಯಿದೆ. 1908ರ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಎರಡು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಗುರುತಿಸಲು ಅವಕ್ಕೆ ಕಲಿಸುತ್ತಿದ್ದರು, ತಪ್ಪಿದರೆ ಸಣ್ಣ ವಿದ್ಯುತ್ ಆಘಾತ ಕೊಡುತ್ತಿದ್ದರು. ವ್ಯತ್ಯಾಸ ಸುಲಭವಾಗಿ ಕಾಣುವಾಗ ಆಘಾತ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಕಷ್ಟವಾದಾಗ ಜೋರಾದ ಆಘಾತದಿಂದ ಕಲಿಕೆಯೇ ನಿಧಾನವಾಯಿತು. ಹಾಗಾಗಿ ಒತ್ತಡ ಎಷ್ಟಿದ್ದರೆ ಒಳ್ಳೆಯದು ಎಂಬುದು ಕೆಲಸ ಎಷ್ಟು ಕಷ್ಟದ್ದು ಎಂಬುದರ ಮೇಲೆ ನಿಂತಿದೆ. ಉತ್ತರ ಪತ್ರಿಕೆಯಲ್ಲಿ ಮಾರ್ಜಿನ್ ಎಳೆಯುವ ಕೈಗೆ ಸಹಾಯ ಮಾಡುವಷ್ಟು ಒತ್ತಡವೇ ಮೂರು ಹಂತದ ಲೆಕ್ಕವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವಾಗ ಅಡ್ಡಿಯಾಗಬಹುದು.

ಆದರೆ ಎದೆಬಡಿತವನ್ನು ನೋಡಿ ಒತ್ತಡ ಮತ್ತು ಆತಂಕಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲ, ಏಕೆಂದರೆ ದೇಹ ಎರಡಕ್ಕೂ ಬಳಸುವುದು ಒಂದೇ ವ್ಯವಸ್ಥೆಯನ್ನು. ಅಡ್ರಿನಲಿನ್ ಏರುತ್ತದೆ, ಹೃದಯ ವೇಗವಾಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ನಿಮ್ಮ ರೂಮ್‌ಮೇಟಿನ ಎದೆಯೂ ಭಾನುವಾರ ಸಂಜೆಯವರೆಗೆ ನಿಮ್ಮ ಹಾಗೆಯೇ ಬಡಿದುಕೊಂಡಿರಬಹುದು. ಆತಂಕವೆಂದರೆ ಕಾಯಿಲೆ ಎನ್ನುವುದೂ ಪೂರ್ತಿ ಸರಿಯಲ್ಲ. ಅದು ಎಲ್ಲರಲ್ಲೂ ಇರುವ ಭಾವ, ಕೆಲವರಲ್ಲಿ ಮಾತ್ರ ಅದು ಬಿಡದೆ ಹಿಡಿದುಕೊಂಡು ಕಾಯಿಲೆಯಾಗುತ್ತದೆ.

ನಾನು ನೋಡುವುದು ಬೇರೆ ಒಂದನ್ನು. ಒತ್ತಡಕ್ಕೆ ಎದುರಿಗೆ ಒಂದು ಹೊರೆ ಇರುತ್ತದೆ. ಹೊರೆ ಇಳಿದಾಗ ಅದೂ ಇಳಿಯುತ್ತದೆ, ಕೆಲವೊಮ್ಮೆ ಒಂದು ರಾತ್ರಿ ತಡವಾಗಿ. ಆತಂಕ ಮುಂದೆ ಆಗಬಹುದಾದದ್ದಕ್ಕೆ ಅಂಟಿಕೊಂಡಿರುತ್ತದೆ, ಹಾಗಾಗಿ ಒಂದು ಹೊರೆಯನ್ನು ತೆಗೆದರೆ ಅದು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ನಾವು ಬೇಕೆಂದು ಮಾಡಲಾಗದ ಪರೀಕ್ಷೆಯೊಂದನ್ನು ಈ ಮಳೆ ನಿಮ್ಮಿಬ್ಬರ ಮೇಲೆ ಮಾಡಿದೆ. ಸೋಮವಾರದ ಹೊರೆಯನ್ನು ಇಬ್ಬರಿಂದಲೂ ಏಕಕಾಲಕ್ಕೆ ಇಳಿಸಿದಾಗ ಒಬ್ಬರು ಮಲಗಿದರು. ನಿಮ್ಮಲ್ಲಿ ಅದು ‘ಮರೆತುಹೋದರೆ’ ಎಂಬುದಕ್ಕೆ ದಾಟಿತು. ‘ರೆ’ ಎಂದು ಮುಗಿಯುವ ಆ ವಾಕ್ಯವನ್ನು ಗಮನಿಸಿ.

ಇಷ್ಟರಿಂದ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಇಂದಿನಿಂದ ಕೆಲವು ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಇಷ್ಟು ಮಾತ್ರ ಬರೆಯಿರಿ: ಯೋಚನೆ ಬಂದ ಸಮಯ, ಅದರ ವಾಕ್ಯ, ಆಗ ನೀವು ಏನು ಮಾಡಿದಿರಿ, ಹಾಗೆ ಮಾಡಿದ ಮೇಲೆ ಸಮಾಧಾನ ಎಷ್ಟು ನಿಮಿಷ ಉಳಿಯಿತು. ಕೊನೆಯದು ಮುಖ್ಯ.

ಅಮ್ಮ, ನಿಮ್ಮ ಮಗ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾನೆ, ಮೊಬೈಲನ್ನು ಎಲ್ಲಿ ಇಡುತ್ತಾನೆ ಎಂಬುದನ್ನು ಮೊದಲು ನೋಡಿ. ಪುಸ್ತಕ ಹಿಡಿದಾಗ ನಿದ್ದೆ ಬರುವುದಕ್ಕೆ ಹೆಚ್ಚಿನ ಸಲ ರಾತ್ರಿಯ ನಿದ್ದೆ ಸಾಲದಿರುವುದೇ ಕಾರಣವಾಗಿರುತ್ತದೆ.

ಮೂಲ್ಕಿಯಿಂದ (ಬುಧವಾರ, ಸಂಜೆ 5:50)

ಮೇಡಂ, ನಿಮ್ಮ ಅಳತೆಗೋಲನ್ನು ನಾನು ಪೂರ್ತಿ ಒಪ್ಪಲಾರೆ. ಎರಡು ವರ್ಷಗಳ ಹಿಂದೆ ನನ್ನ ಎಂಕಾಂ ಪರೀಕ್ಷೆಯೂ ಮಳೆಯಿಂದ ಮುಂದಕ್ಕೆ ಹೋಯಿತು. ಹೊಸ ದಿನಾಂಕ ನನ್ನ ಕೆಲಸಕ್ಕೆ ಸೇರುವ ದಿನದೊಂದಿಗೆ ಢಿಕ್ಕಿ ಹೊಡೆಯಿತು. ಪರೀಕ್ಷೆ ಮುಂದೆ ಹೋದ ರಾತ್ರಿ ನನಗೂ ನಿದ್ದೆ ಇರಲಿಲ್ಲ. ಹಾಗೆಂದು ನನಗೆ ಆತಂಕವಿತ್ತು ಎನ್ನುವುದೇ? ನನ್ನ ಹೊರೆ ಇಳಿದಿರಲೇ ಇಲ್ಲ, ಇನ್ನಷ್ಟು ಭಾರವಾಗಿತ್ತು.

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಬುಧವಾರ, ರಾತ್ರಿ 8:20)

ನಿಮ್ಮ ಮಾತು ನ್ಯಾಯವಾದದ್ದು. ಹೊರೆ ನಿಜವಾಗಿ ಇಳಿದಿದೆಯೇ ಎಂದು ಕೇಳದೆ ಈ ಅಳತೆಗೋಲನ್ನು ಬಳಸಬಾರದು. ನಿಮ್ಮ ರಾತ್ರಿಯಲ್ಲಿ ಇದ್ದದ್ದು ಬಿಡಿಸಬೇಕಾದ ಗಂಟು. ಕಂಪನಿಗೆ ಫೋನ್ ಮಾಡಿ ದಿನಾಂಕ ಬದಲಿಸಿಕೊಂಡಿದ್ದರೆ ನಿಮಗೆ ನಿದ್ದೆ ಬರುತ್ತಿತ್ತು. ಹಾಗಾಗಿ ನಾನು ಎರಡನೆಯ ಪ್ರಶ್ನೆಯೊಂದನ್ನೂ ಕೇಳುತ್ತೇನೆ: ಈ ಯೋಚನೆಯ ಬಗ್ಗೆ ಈ ರಾತ್ರಿ ಮಾಡಬಹುದಾದ ಕೆಲಸವೇನಾದರೂ ಇದೆಯೇ? ಇದ್ದು, ಮಾಡಿದ ಮೇಲೆ ಯೋಚನೆ ನಿಂತರೆ ಅದು ಒತ್ತಡದ ಕಡೆಗೆ ವಾಲುತ್ತದೆ. ಮಾಡಿದ ಮೇಲೂ ಮರಳಿ ಬಂದರೆ ಆತಂಕದ ಕಡೆಗೆ. ಬಹಳಷ್ಟು ವಿದ್ಯಾರ್ಥಿಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಹಾಗಾಗಿ ನಡುವೆ ಗೆರೆ ಎಳೆದು ತೋರಿಸಲು ಆಗುವುದಿಲ್ಲ.

ಕಾವೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ (ಗುರುವಾರ, ಬೆಳಿಗ್ಗೆ 9:10)

ನನ್ನದನ್ನೂ ಹೇಳಿಬಿಡುತ್ತೇನೆ. ಕಳೆದ ಸೆಮಿಸ್ಟರ್ ಪರೀಕ್ಷೆಯ ದಿನ ಹಂಪನಕಟ್ಟೆಯ ಹತ್ತಿರ ಬಸ್ಸಿನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಎದೆ ಬಿಗಿದು, ಬೆರಳ ತುದಿಗಳು ಜುಮ್ಮೆಂದು, ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು. ಇಳಿದು ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿ ಸರಿಯಾಗಿತ್ತು. ‘ಏನೂ ಇಲ್ಲ, ಟೆನ್ಷನ್ ಮಾಡಬೇಡ’ ಎಂದು ಕಳುಹಿಸಿದರು. ಏನೂ ಇಲ್ಲದಿದ್ದರೆ ಬೆರಳು ಯಾಕೆ ಜುಮ್ಮೆನ್ನಬೇಕು? ಈಗ ಸೀನಿಯರ್ ಒಬ್ಬರು ಪರೀಕ್ಷೆಗೆ ಮೊದಲು ಪ್ರೊಪ್ರನೊಲಾಲ್ ಮಾತ್ರೆ ತೆಗೆದುಕೋ, ಎದೆಬಡಿತ ಬರುವುದೇ ಇಲ್ಲ ಎಂದು ನಾಲ್ಕು ಮಾತ್ರೆ ಕೊಟ್ಟಿದ್ದಾರೆ.

ಮೆಡಿಕಲ್ ಶಾಪ್, ಸುರತ್ಕಲ್ (ಗುರುವಾರ, ಬೆಳಿಗ್ಗೆ 11:25)

ತಮ್ಮಾ, ಆ ಮಾತ್ರೆಗಳನ್ನು ಮುಟ್ಟಬೇಡ. ಪ್ರೊಪ್ರನೊಲಾಲ್ ಎದೆಬಡಿತವನ್ನು ಇಳಿಸುವುದು ನಿಜ, ಆದರೆ ಅಸ್ತಮಾ ಇರುವವರಲ್ಲಿ ಅದು ಶ್ವಾಸನಾಳವನ್ನು ಬಿಗಿಯಿಸಿ ಅಪಾಯ ತರಬಹುದು. ಈ ಮಳೆಗಾಲದಲ್ಲಿ ಉಬ್ಬಸ ಬರುವ ಹುಡುಗರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಇನ್ನು ಕೆಲವರು ಆಲ್ಪ್ರಝೋಲಾಂ ಕೇಳಿಕೊಂಡು ಬರುತ್ತಾರೆ. ಅದು ಹೆದರಿಕೆಯನ್ನು ಮಂಕಾಗಿಸುವುದರೊಂದಿಗೆ ಹೊಸದಾಗಿ ಓದಿದ್ದು ನೆನಪಿನಲ್ಲಿ ನಿಲ್ಲದಂತೆ ಮಾಡುತ್ತದೆ, ಅಭ್ಯಾಸವೂ ಆಗುತ್ತದೆ. ವೈದ್ಯರ ಚೀಟಿ ಇಲ್ಲದೆ ಎರಡನ್ನೂ ನಾವು ಕೊಡುವುದಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಗುರುವಾರ, ಸಂಜೆ 4:00)

ಕಾವೂರಿನವರೇ, ನಿಮಗೆ ‘ಏನೂ ಇಲ್ಲ’ ಎಂದದ್ದು ಸರಿಯಾದ ಮಾತಾಗಿರಲಿಲ್ಲ. ಹೃದಯದಲ್ಲಿ ತೊಂದರೆ ಕಾಣಲಿಲ್ಲ ಎಂದು ಹೇಳಬೇಕಿತ್ತು. ಹೆದರಿಕೆಯಲ್ಲಿ ಉಸಿರು ವೇಗವಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಬೆರಳು ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಆ ಲಕ್ಷಣವನ್ನು ಕಂಡು ಮತ್ತಷ್ಟು ಹೆದರಿ ಇನ್ನೂ ವೇಗವಾಗಿ ಉಸಿರಾಡುತ್ತೇವೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿಗೇರಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೊದಲ ಸಲ ಎದೆ ಬಿಗಿದಾಗ ಆಸ್ಪತ್ರೆಗೆ ಹೋದದ್ದು ಸರಿಯಾದ ಕೆಲಸ. ಮತ್ತೆ ಮತ್ತೆ ಆಗುತ್ತಿದ್ದರೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ, ಅವುಗಳ ಏರುಪೇರಿನಿಂದಲೂ ಎದೆಬಡಿತ ಹೆಚ್ಚುತ್ತದೆ. ಬಸ್ಸಿನಲ್ಲಿ ಹಾಗಾದರೆ ದೊಡ್ಡ ಉಸಿರು ಎಳೆದುಕೊಳ್ಳಬೇಡಿ. ಮೆಲ್ಲನೆ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ.

ಸಂತೆಕಟ್ಟೆಯ ಬಿಕಾಂ ವಿದ್ಯಾರ್ಥಿನಿ (ಶನಿವಾರ, ಬೆಳಿಗ್ಗೆ 7:30)

ಮೇಡಂ, ಬುಧವಾರ, ಗುರುವಾರ ಮತ್ತು ಶುಕ್ರವಾರದ ರಾತ್ರಿಗಳನ್ನು ಬರೆದಿದ್ದೇನೆ. ಗುರುವಾರದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ.

10:50ಕ್ಕೆ ಪ್ರೋಸೆಸ್ ಕಾಸ್ಟಿಂಗ್ ಅಧ್ಯಾಯದ ಲೆಕ್ಕಗಳನ್ನು ಮುಗಿಸಿದೆ, ಐದರಲ್ಲಿ ಐದೂ ಸರಿ ಬಂದವು. 11:15ಕ್ಕೆ ‘ಅಸಹಜ ನಷ್ಟವನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ನಾನು ತಪ್ಪಾಗಿ ತಿಳಿದಿದ್ದರೆ’ ಎಂಬ ಯೋಚನೆ ಬಂತು. ಗೆಳತಿಗೆ ಮೆಸೇಜ್ ಮಾಡಿದೆ. ‘ಕಾಸ್ಟಿಂಗ್ ಲಾಭ ನಷ್ಟ ಖಾತೆಗೆ, ನಿನ್ನೆಯೂ ಹೇಳಿದ್ದೆನಲ್ಲ’ ಎಂದಳು. ಹನ್ನೆರಡು ನಿಮಿಷ ಸಮಾಧಾನ ಉಳಿಯಿತು. 11:30ಕ್ಕೆ ‘ಅವಳಿಗೂ ತಪ್ಪಾಗಿದ್ದರೆ’ ಎಂದು ಪುಸ್ತಕ ತೆರೆದು ನೋಡಿದೆ, ಏಳು ನಿಮಿಷ ಉಳಿಯಿತು. ಮಧ್ಯರಾತ್ರಿ ‘ಈ ಪುಸ್ತಕ ಹಳೆಯ ಸಿಲಬಸ್ಸಿನದ್ದಾಗಿದ್ದರೆ’ ಎಂದು ಮೊಬೈಲಿನಲ್ಲಿ ಹುಡುಕಿದೆ, ನಾಲ್ಕು ನಿಮಿಷ. ಆಮೇಲೆ ಹಾಲ್ ಟಿಕೆಟ್ ಬ್ಯಾಗಿನಲ್ಲಿದೆಯೇ ಎಂದು ಎದ್ದು ನೋಡಿದೆ. ಮೂರು ಸಲ. ಎಷ್ಟು ನಿಮಿಷ ಎಂದು ಬರೆಯುವಷ್ಟು ಹೊತ್ತು ಸಮಾಧಾನ ಉಳಿಯಲಿಲ್ಲ.

ಬರೆದದ್ದನ್ನು ಓದಿದಾಗ ನನಗೇ ಗಾಬರಿಯಾಯಿತು. ಕೇಳಿದಷ್ಟೂ ಸಮಾಧಾನ ಕಡಿಮೆಯಾಗುತ್ತಿದೆ.

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಶನಿವಾರ, ಬೆಳಿಗ್ಗೆ 11:00)

ನೀವು ಬಹಳ ಪ್ರಾಮಾಣಿಕವಾಗಿ ಬರೆದಿದ್ದೀರಿ. ಈ ಪುಟದಲ್ಲಿ ಆತಂಕ ಹೇಗೆ ಬದುಕಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಹನ್ನೆರಡು, ಏಳು, ನಾಲ್ಕು. ಪ್ರತಿ ಸಲ ಉತ್ತರ ಸಿಕ್ಕಾಗ ಒಂದು ಕ್ಷಣ ಹಗುರವಾಗುತ್ತದೆ. ಸಂಶಯ ಬಂದರೆ ಕೇಳಿದರೆ ಸರಿಹೋಗುತ್ತದೆ ಎಂದು ಮನಸ್ಸು ಕಲಿಯುತ್ತದೆ, ಕೇಳದಿದ್ದರೂ ಸರಿಹೋಗುತ್ತಿತ್ತು ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಅಸಹಜ ನಷ್ಟ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ 10:50ಕ್ಕೇ ಗೊತ್ತಿತ್ತು, ಐದು ಲೆಕ್ಕಗಳು ಅದಕ್ಕೆ ಸಾಕ್ಷಿ. ಆದ್ದರಿಂದ 11:15ರ ಪ್ರಶ್ನೆ ಕಾಸ್ಟ್ ಅಕೌಂಟಿಂಗ್‌ಗೆ ಸೇರಿದ್ದಾಗಿರಲಿಲ್ಲ.

ಇಂದು ಮತ್ತು ನಾಳೆ ಎರಡು ಬದಲಾವಣೆ ಸಾಕು. ಸಂಜೆ ಆರೂವರೆಯಿಂದ ಇಪ್ಪತ್ತು ನಿಮಿಷವನ್ನು ಚಿಂತೆಗೆಂದೇ ಇಡಿ. ಹಾಸಿಗೆಯ ಮೇಲೆ ಬೇಡ, ಕುರ್ಚಿಯಲ್ಲಿ ಕುಳಿತು. ‘ರೆ’ ವಾಕ್ಯಗಳನ್ನೆಲ್ಲ ಬರೆಯಿರಿ ಮತ್ತು ಯಾವುದಕ್ಕೆ ಮಾಡಬಹುದಾದ ಕೆಲಸ ಇದೆಯೋ ಅದರ ಮುಂದೆ ಕೆಲಸವನ್ನು ಬರೆಯಿರಿ. ಹಾಲ್ ಟಿಕೆಟ್ಟನ್ನು ಬ್ಯಾಗಿನಲ್ಲಿ ಒಮ್ಮೆ ಇಟ್ಟು ‘ಇಟ್ಟಿದ್ದೇನೆ’ ಎಂದು ಬರೆಯಿರಿ. ಎರಡನೆಯದಾಗಿ, ರಾತ್ರಿ ಪ್ರಶ್ನೆ ಬಂದಾಗ ಗೆಳತಿಗೆ ಕಳುಹಿಸುವ ಬದಲು ನೋಟ್‌ಬುಕ್ಕಿನಲ್ಲಿ ಬರೆದು ಮರುದಿನ ಆರೂವರೆಗೆ ಬಿಡಿ. ಮೊದಲ ಅರ್ಧ ಗಂಟೆ ಎದೆಬಡಿತ ಹೆಚ್ಚುತ್ತದೆ, ಅದು ಹಾಗೆಯೇ ಆಗಬೇಕು. ಕೇಳದೆ ಅದು ಇಳಿಯುವುದನ್ನು ನೀವು ಒಮ್ಮೆ ನೋಡಬೇಕು.

ನಿವೃತ್ತ ಉಪನ್ಯಾಸಕ, ಪುತ್ತೂರು (ಶನಿವಾರ, ಮಧ್ಯಾಹ್ನ 12:40)

ನನ್ನ ಮಾತನ್ನು ತಿದ್ದಿದ್ದಕ್ಕೆ ಕೃತಜ್ಞತೆಗಳು ಮೇಡಂ. ಆದರೂ ಒಂದು ಸಂಶಯವಿದೆ. ಪರೀಕ್ಷೆಗೆ ಎರಡೇ ದಿನ ಇರುವಾಗ ಎದೆಬಡಿತ ಹೆಚ್ಚಲಿ ಎಂದು ಬಿಡುವುದು ಸರಿಯೇ? ನನ್ನ ಅನುಭವದಲ್ಲಿ ಬೆಳಗಿನ ಪ್ರಾಣಾಯಾಮದಿಂದ ಎಷ್ಟೋ ಮಕ್ಕಳು ಶಾಂತರಾಗಿದ್ದಾರೆ. ಮೊದಲು ಶಾಂತಿ, ಆಮೇಲೆ ಮಿಕ್ಕದ್ದು ಎನ್ನುವುದು ನನ್ನ ಮತ.

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಶನಿವಾರ, ಮಧ್ಯಾಹ್ನ 3:15)

ಸರ್, ಬೆಳಿಗ್ಗೆ ದಿನಚರಿಯಂತೆ ಮಾಡುವ ನಿಧಾನದ ಉಸಿರಾಟಕ್ಕೆ ನನ್ನ ವಿರೋಧವಿಲ್ಲ. ಪ್ರತಿ ಸಲ ಎದೆ ಬಡಿದಾಗಲೂ ಅದನ್ನು ನಿಲ್ಲಿಸಲೆಂದೇ ಪ್ರಾಣಾಯಾಮಕ್ಕೆ ಓಡಿದರೆ ಅದೂ ಹಾಲ್ ಟಿಕೆಟ್ ನೋಡುವಂತೆಯೇ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ನಮ್ಮ ಕ್ಷೇತ್ರದವರೇ ಒಮ್ಮತದಲ್ಲಿಲ್ಲ, ಮೊದಲು ದೇಹವನ್ನು ಶಾಂತಗೊಳಿಸಬೇಕು ಎನ್ನುವ ಸಹೋದ್ಯೋಗಿಗಳೂ ನನಗಿದ್ದಾರೆ.

ಸಂತೆಕಟ್ಟೆಯ ಬಿಕಾಂ ವಿದ್ಯಾರ್ಥಿನಿ (ಮಂಗಳವಾರ, ಬೆಳಿಗ್ಗೆ 8:10)

ಪರೀಕ್ಷೆ ನಿನ್ನೆ ಮುಗಿಯಿತು. ಭಾನುವಾರ ರಾತ್ರಿ 11:20ಕ್ಕೆ ಪ್ರಶ್ನೆ ಬಂದಾಗ ಬರೆದಿಟ್ಟೆ, ಮೆಸೇಜ್ ಮಾಡಲಿಲ್ಲ. ಬಹಳ ಕಷ್ಟವಾಯಿತು, ಹೊಟ್ಟೆ ತೊಳಸಿತು. ಆದರೆ 12:15ರ ನಂತರ ನಾನು ಏನನ್ನೂ ಬರೆದಿಲ್ಲ, ಅಷ್ಟು ಹೊತ್ತಿಗೆ ನಿದ್ದೆ ಬಂದಿರಬೇಕು. ಹಾಲ್ ಟಿಕೆಟ್ಟನ್ನು ಮಾತ್ರ ಬೆಳಿಗ್ಗೆ ಎರಡು ಸಲ ನೋಡಿದೆ.

ನಿನ್ನೆ ಸಂಜೆ ನಿಮ್ಮ ಮೊದಲ ಮಾತು ನೆನಪಾಗಿ, ಹೊರೆ ಇಳಿದ ಮೇಲೆ ನನ್ನಲ್ಲಿ ಏನಾಗುತ್ತದೆ ಎಂದು ನೋಡುತ್ತ ಕುಳಿತೆ. ಎರಡು ಗಂಟೆ ಚೆನ್ನಾಗಿತ್ತು. ರಾತ್ರಿ ಒಂಬತ್ತಕ್ಕೆ ಶುರುವಾಯಿತು, ಅದು ಮುಂದಿನ ಪೇಪರಿನ ಬಗ್ಗೆಯೂ ಇರಲಿಲ್ಲ. ಆಗಸ್ಟ್ ಒಂದರ ಬಗ್ಗೆ ಇತ್ತು. ನಮ್ಮ ತಂದೆ ಮಲ್ಪೆಯಿಂದ ಆಳಸಮುದ್ರದ ಬೋಟಿನಲ್ಲಿ ಹೋಗುವವರು. ಜೂನ್ ಒಂದರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಾದ್ದರಿಂದ ಈಗ ಮನೆಯಲ್ಲಿಯೇ ಇದ್ದಾರೆ. ಬೋಟು ಹೊರಡುವ ತಿಂಗಳುಗಳಲ್ಲಿ ನಾನು ಇದೇ ರೀತಿ ಅಮ್ಮನಿಗೆ ಮತ್ತೆ ಮತ್ತೆ ಫೋನ್ ಮಾಡಿ ಅಪ್ಪ ಮಾತಾಡಿದರಾ ಎಂದು ಕೇಳುತ್ತಿದ್ದೆ. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಬೋಟು ದಡದಲ್ಲಿರುವ ತಿಂಗಳುಗಳಲ್ಲಿ ಅದೇ ಚಿಂತೆ ಪರೀಕ್ಷೆಯ ಮೇಲೆ ಬರುತ್ತದೆ. ಯೋಚಿಸಿದರೆ ಎರಡನೇ ಪಿಯುಸಿಯಿಂದಲೂ ಹೀಗೆಯೇ ಇದೆ.

ಕ್ಲಿನಿಕಲ್ ಸೈಕಾಲಜಿಸ್ಟ್, ಮಣಿಪಾಲ (ಮಂಗಳವಾರ, ಮಧ್ಯಾಹ್ನ 1:45)

ಅದು ಪ್ರೀತಿಯೂ ಹೌದು. ಅದನ್ನು ಬಿಡಬೇಕಾಗಿಲ್ಲ.

ಆದರೆ ನಾನು ಈಗ ಮೊದಲಿಗಿಂತ ಸ್ಪಷ್ಟವಾಗಿ ಹೇಳುತ್ತೇನೆ. ಪರೀಕ್ಷೆಯ ಎರಡು ವಾರದ ಚಿಂತೆಯನ್ನು ಯಾರೂ ಕಾಯಿಲೆ ಎಂದು ಕರೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ವಿಷಯಗಳ ಮೇಲಿನ ಚಿಂತೆ ಆರು ತಿಂಗಳಿಗೂ ಮೀರಿ, ಹೆಚ್ಚಿನ ದಿನಗಳಲ್ಲಿ, ಹಿಡಿತಕ್ಕೆ ಸಿಗದೆ, ನಿದ್ದೆಯನ್ನು ಕೆಡಿಸುತ್ತಿದ್ದರೆ ಮಾತ್ರ ವೈದ್ಯರು ಆ ದಿಕ್ಕಿನಲ್ಲಿ ಯೋಚಿಸುತ್ತಾರೆ. ನೀವು ಹೇಳುವುದು ಪಿಯುಸಿಯಿಂದ ಇಂದಿನವರೆಗಿನ ಕಥೆ. ಇಲ್ಲಿ ಬರೆದು ತೀರ್ಮಾನಿಸುವ ವಿಷಯ ಅದಲ್ಲ, ಎದುರು ಕುಳಿತು ಮಾತಾಡಬೇಕು. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಅದಕ್ಕೆ ಮೊದಲು ಫೋನಿನಲ್ಲಿ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ.

ಸಂತೆಕಟ್ಟೆಯ ಬಿಕಾಂ ವಿದ್ಯಾರ್ಥಿನಿ (ಮಂಗಳವಾರ, ರಾತ್ರಿ 9:30)

ಶುಕ್ರವಾರ ಕೊನೆಯ ಪೇಪರ್ ಇದೆ, ಅದು ಮುಗಿದ ಮೇಲೆ ಹೋಗುತ್ತೇನೆ. ಅಮ್ಮನಿಗೆ ಹೇಗೆ ಹೇಳುವುದು ಎಂಬುದೇ ತೋಚುತ್ತಿಲ್ಲ. ನಾವು ಮನೆಯಲ್ಲಿ ತುಳು ಮಾತಾಡುವವರು. ನಾನು ಏನು ಹೇಳಿದರೂ ಅಮ್ಮನ ಕಿವಿಗೆ ಅದು ‘ಪೋಡಿಗೆ’, ಅಂದರೆ ಬರೀ ಹೆದರಿಕೆ ಎಂದೇ ಬೀಳುತ್ತದೆ, ಪೋಡಿಗೆಗೆ ಯಾರಾದರೂ ಆಸ್ಪತ್ರೆಗೆ ಹೋಗುತ್ತಾರೆಯೇ ಎನ್ನುತ್ತಾರೆ.

ಪಡುಬಿದ್ರಿಯ ಅಮ್ಮ (ಮಂಗಳವಾರ, ರಾತ್ರಿ 10:15)

ಮಗಾ, ಹೆಸರು ಹೇಳಬೇಡ. ಗುರುವಾರ ರಾತ್ರಿಯ ಆ ಪುಟವನ್ನು ಅಮ್ಮನಿಗೆ ಓದಿ ಹೇಳು, ಹಾಲ್ ಟಿಕೆಟ್ ಮೂರು ಸಲ ನೋಡಿದ್ದರವರೆಗೂ. ನಾನು ಇಲ್ಲಿ ಅದನ್ನು ಓದಿಯೇ ನಿನ್ನ ಪ್ರಶ್ನೆ ಏನೆಂದು ತಿಳಿದುಕೊಂಡೆ. ಅಮ್ಮ ಬರಲು ಒಪ್ಪದಿದ್ದರೆ ನನಗೆ ತಿಳಿಸು, ಶನಿವಾರ ನಾನು ಉಡುಪಿಗೆ ಬರುವವಳಿದ್ದೇನೆ.